ಮಾತ್ರೆಯ ಹೊತ್ತು

ಫೋನಿನಲ್ಲಿ ಚಿಕ್ಕಮ್ಮನ ಕೊರೆತವನ್ನು ಅವಳಿಗೆ ಬೇಜಾರಾಗದಂತೆ ನಿಲ್ಲಿಸುವ ಕಲೆ ತನಗೊಬ್ಬನಿಗೇ ಒಲಿದಿದೆ ಎಂದು ಶ್ರೀಕಂಠ ಆಫೀಸಿನಲ್ಲಿ ಬೀಗುತ್ತಿದ್ದ. ಯಾರೋ ಬಂದರು, ಚಾರ್ಜ್ ಇಲ್ಲ ಎನ್ನುವವರು ಪೆದ್ದರು. ಮುದುಕಿಯರಿಗೆ ಅದೆಲ್ಲ ತಿಳಿಯುತ್ತದೆ, ಮುನಿಸಿಕೊಳ್ಳುತ್ತಾರೆ. ‘ಇನ್ನೇನು ಸಮಾಚಾರ’ ಎಂದರಂತೂ ಇನ್ನರ್ಧ ಗಂಟೆ ಗೋವಿಂದ. ಅವಳು ಉಸಿರೆಳೆದುಕೊಳ್ಳುವುದನ್ನೇ ಕಾಯಬೇಕು. ಆಗ ಅವಳ ಮೇಲಿನ ಕಾಳಜಿಯಿಂದಲೇ ಅವಳ ಬಾಯಿ ಮುಚ್ಚಿಸಬೇಕು.

ಮನೆಯವರೆಲ್ಲ ಮದುವೆಗೆ ಹೋಗಿ ಮನೆಯಲ್ಲಿ ತಾನೊಬ್ಬಳೇ ಇದ್ದ ಆ ದಿನ ಚಿಕ್ಕಮ್ಮ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದಳು. ಮೂರು ಸಲವೂ ಅದೇ ಹಪ್ಪಳದ ಕಥೆ, ಮರೆಗುಳಿ ಮುದುಕಿ. ಮೂರು ಸಲವೂ ಅವನದು ಅದೇ ಬಾಣ. ನಾಲ್ಕನೆಯ ಸಲ ಅವನು ಪಕ್ಕದವನಿಗೆ ಕಣ್ಣು ಹೊಡೆದು, ಅವಳು ಉಸಿರೆಳೆದುಕೊಂಡ ಕೂಡಲೇ ಮತ್ತೆ ಅದನ್ನೇ ಬಿಟ್ಟ.

“ಅಯ್ಯೋ ಚಿಕ್ಕಮ್ಮ, ನನ್ನ ಜೊತೆ ಮಾತಾಡ್ತಾ ನಿಮ್ಮ ಶುಗರ್ ಮಾತ್ರೆ ಮರೆತೇಬಿಟ್ರಲ್ಲ. ಮೊದಲು ತಗೊಂಡು ಮಲಗಿ, ಆಮೇಲೆ ಮಾತಾಡೋಣ.”

“ತಗೋತೀನಪ್ಪ... ಅರೆ, ಬೆಳಗ್ಗೆ ಒಡೆದ ಶೀಟಲ್ಲಿ ಆಗಲೇ ಮೂರು ಖಾಲಿ ಆಗಿದೆ. ನೀನು ಹೇಳಿದಾಗೆಲ್ಲ ನುಂಗಿದೀನಿ ಅಂತ ಕಾಣುತ್ತೆ. ಅದಕ್ಕೇ ಇರಬೇಕು, ಕೈ ನಡುಗ್ತಿದೆ, ಮೈಯೆಲ್ಲ ಬೆವರು.”

ಶ್ರೀಕಂಠ ಕುರ್ಚಿಯಿಂದ ದಡಬಡ ಎದ್ದ. “ಚಿಕ್ಕಮ್ಮ, ಇನ್ನು ತಗೋಬೇಡಿ. ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ. ಫೋನ್ ಮಾತ್ರ ಇಡಬೇಡಿ, ಮಾತಾಡ್ತಾನೇ ಇರಿ.”

“ನನಗೆ ಬೇಜಾರಾಗಬಾರದು ಅಂತ ಹಾಗಂತೀಯ. ನಿನಗೆ ಕೆಲಸದ ಹೊತ್ತು ಕಣಪ್ಪ,” ಎಂದು ಚಿಕ್ಕಮ್ಮ ಫೋನ್ ಇಟ್ಟಳು.