ಮಲ್ಲಿಗೆ ಮಡಕೆಯ ಸುಂಕ

ವಿಮಾನದಲ್ಲಿ ಬರುವ ಉದ್ಯಮದ ಐಡಿಯಾಗಳಿಗೆ ಸರ್ಕಾರ ಸುಂಕ ಹಾಕಿ ಆರು ವರ್ಷವಾಗಿತ್ತು. ಕ್ಯಾಲ್ಗರಿಯಲ್ಲಿ ಇಂಜಿನಿಯರ್ ಆಗಿದ್ದ ಓಸ್ವಾಲ್ಡ್ ಊರಿಗೆ ಬರುವಾಗಲೆಲ್ಲ ದಾರಿಯುದ್ದಕ್ಕೂ ಗೀಚಿ ಒಂದು ಐಡಿಯಾ ತರುತ್ತಿದ್ದ. ಮಂಗಳೂರಿನ ಸುಂಕದ ಕಟ್ಟೆಯಲ್ಲಿ ಹರಿಣಾಕ್ಷಿ ಪ್ರತಿ ಸಲವೂ ಅದರ ಮೇಲೆ ‘ಬರೀ ಚಿತ್ರ, ಸುಂಕವಿಲ್ಲ’ ಎಂದು ಮುದ್ರೆ ಒತ್ತುತ್ತಿದ್ದರು. ಬೆಲೆಯುಳ್ಳ ಐಡಿಯಾಕ್ಕೆ ಮಾತ್ರ ಸುಂಕ; ಹಾಗಾಗಿ ಅವನಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

ಈ ಸಲ ಅವನು ಎದೆಯುಬ್ಬಿಸಿ ಹಾಳೆ ಬಿಡಿಸಿದ. ಮಡಕೆಯೊಳಗೊಂದು ಮಡಕೆ, ನಡುವೆ ಒದ್ದೆ ಮರಳು. ನೀರು ಆವಿಯಾದಂತೆ ಒಳಗೆಲ್ಲ ತಂಪು. ಮಲ್ಲಿಗೆ ಮೊಗ್ಗು ಎರಡು ದಿನ ಬಾಡದೆ ಉಳಿಯುತ್ತದೆ.

“ಎಲ್ಲಿ ಮಾಡಿ ನೋಡಿದ್ದು?” ಹರಿಣಾಕ್ಷಿ ಕೇಳಿದರು.

“ಕ್ಯಾಲ್ಗರಿಯ ಮನೆಯಲ್ಲಿ. ವಿಮಾನದಲ್ಲೂ ಬಾಟಲಿಗೆ ಒದ್ದೆ ಕರ್ಚೀಫು ಸುತ್ತಿ ನೋಡಿದೆ, ನೀರು ತಣ್ಣಗಾಯ್ತು.”

“ಅಲ್ಲಿಯ ಗಾಳಿ ಒಣ ಮಾರಾಯ್ರೆ. ಇಲ್ಲಿಯ ಸೆಕೆಗೆ ಹಿಂಡಿ ಹಾಕಿದ ಬಟ್ಟೆಯೇ ಒಣಗುದಿಲ್ಲ, ನಿಮ್ಮ ಮರಳು ಒಣಗ್ತದಾ? ಹೂ ಮಾರುವವರು, ಮುಡಿಯುವವರು, ಒಬ್ಬರನ್ನಾದ್ರೂ ಕೇಳಿದ್ದೀರಾ?”

ಓಸ್ವಾಲ್ಡ್ ಇಲ್ಲವೆಂದು ತಲೆಯಾಡಿಸಿದ. ಹರಿಣಾಕ್ಷಿ ಎಂದಿನಂತೆ ಮುದ್ರೆ ಎತ್ತಿದರು. ಆಗ ಅವರ ಮುಡಿಯಲ್ಲಿದ್ದ ಮಲ್ಲಿಗೆ ಅವನ ಕಣ್ಣಿಗೆ ಬಿತ್ತು.

“ಮೇಡಂ, ಹೂ ಬಾಡದ ಹಾಗೆ ನೀವು ಹೇಗೆ ಇಡ್ತೀರಿ?”

ಹರಿಣಾಕ್ಷಿ ಮುದ್ರೆಯನ್ನು ಕೆಳಗಿಟ್ಟು ರಶೀದಿ ಪುಸ್ತಕ ತೆರೆದರು.

“ಬಾಳೆ ಎಲೆಯಲ್ಲಿ ಸುತ್ತಿ. ಮುಡಿಯುವವರನ್ನು ಕೇಳಿದಿರಲ್ಲ, ಈಗ ಇದಕ್ಕೆ ಸುಂಕ ಉಂಟು.”