ಅಪ್ಪ ಮಗನನ್ನು ಮಲಗಿಸಿದ

ಮೊದಲ ಪುಟದ ಕೊನೆಗೆ ಬರುತ್ತಲೇ ಜುಮಾನಾ ಟೀಚರ ನಾಲಿಗೆ ತಡವರಿಸಿತು. ಮಕ್ಕಳಿಗೆಂದು ತಾನೇ ಬರೆದ ಮಲಗುವ ಹೊತ್ತಿನ ಅರಬ್ಬಿ ಕಥೆ. ಅಪ್ಪ ಕಿಟಕಿ ಮುಚ್ಚುತ್ತಾನೆ, ನೀರು ಕುಡಿಸುತ್ತಾನೆ, ಹಾಡು ಹೇಳುತ್ತಾನೆ; ಪ್ರತಿ ಪುಟದ ಕೊನೆಗೂ ಅದೇ ಸಾಲು, ‘ನವ್ವಮಲ್ ಅಬುಲ್ ವಲದ್’. ಅಪ್ಪ ಮಗನನ್ನು ಮಲಗಿಸಿದ.

ಪುಟದಲ್ಲಿದ್ದದ್ದು ‘ಅಬುಲ್’ ಅಲ್ಲ, ‘ಅಬಲ್’. ಅಕ್ಷರಗಳೆಲ್ಲ ಅವೇ. ಅಪ್ಪನ ಕೊನೆಯ ಅಕ್ಷರದ ಮೇಲಿರಬೇಕಿದ್ದ ಉಕಾರದ ಪುಟ್ಟ ಕೊಂಡಿ ಮಗನ ಮೇಲೆ ಹೋಗಿ ಕೂತಿತ್ತು. ಮಗನ ಮೇಲಿನ ಅಕಾರದ ಓರೆಗೆರೆ ಅಪ್ಪನ ಮೇಲೆ. ಅರಬ್ಬಿಯಲ್ಲಿ ಉಕಾರ ಹೊತ್ತವನೇ ಕೆಲಸ ಮಾಡುವವನು. ಹಾಗಾಗಿ ಮಗನೇ ಅಪ್ಪನನ್ನು ಮಲಗಿಸಿಬಿಟ್ಟಿದ್ದ.

ಸ್ವರಚಿಹ್ನೆ ಹಾಕಿಕೊಟ್ಟವನು ಗಂಡ ಝಹೀರ್. “ಮದರಸಾದಲ್ಲಿ ಕಲಿತವ ನಾನು. ಇಷ್ಟು ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ್ತಿ?” ಎಂದು ಕಂಪ್ಯೂಟರಿನ ಮುಂದೆ ಕೂತವನು, ಒಂದು ಸಾಲಿಗೆ ಹಾಕಿ ಅದನ್ನೇ ಪುಟಪುಟಕ್ಕೂ ಅಂಟಿಸಿದ್ದ.

ತರಗತಿಯ ಹಿಂದಿನ ಕುರ್ಚಿಯಲ್ಲಿ ಅರಬ್ಬಿ ವಿಭಾಗದ ಮೇಲ್ವಿಚಾರಕಿ, ಸಿರಿಯಾದ ಹಾಲಾ ಕೂತಿದ್ದರು. ಕೊಲ್ಲಿನಾಡಿನ ಅಲ್ ನಹ್ದಾ ಬಡಾವಣೆಯ ಈ ಶಾಲೆಯಲ್ಲಿ ಜುಮಾನಾಳ ಕರಾರು ಮುಂದುವರಿಯಬೇಕಾದರೆ ಹಾಲಾ ಒಪ್ಪಬೇಕು. ಜುಮಾನಾ ಪುಟ ನೋಡಿಯೂ ನೋಡದವಳಂತೆ ತಾನು ಬರೆದದ್ದನ್ನೇ ಓದಿದಳು: “ನವ್ವಮಲ್ ಅಬುಲ್…”

“ಮಿಸ್, ಅಬು ಅಲ್ಲ, ಅಬ,” ಮುಂದಿನ ಬೆಂಚಿನ ತೃಷಾ ತನ್ನ ಪ್ರತಿಯ ಮೇಲೆ ಬೆರಳಿಟ್ಟಳು. “ಯೂ ಓನ್ಲಿ ಸೆಡ್, ಡೋಂಟ್ ಗೆಸ್, ರೀಡ್ ದ ಮಾರ್ಕ್.”

ವರ್ಷವಿಡೀ ತಲೆಗೆ ತುಂಬಿದ ಪಾಠ. ಬೇರೆ ದಾರಿ ಕಾಣದೆ ಜುಮಾನಾ ‘ಅಬ’ ಎಂದೇ ಓದಿದಳು. ಯಾರೋ ಕಿಸಕ್ಕೆಂದರು. ಅಪ್ಪ ನೀರು ಕುಡಿಸಿದಾಗ ಅರ್ಧ ತರಗತಿ ಆ ಸಾಲಿಗೆ ದನಿಗೂಡಿಸಿತು. ಹಾಡು ಹೇಳಿದಾಗ ಒಬ್ಬ ಗೊರಕೆಯನ್ನೂ ಸೇರಿಸಿದ. ಕೊನೆಯ ಪುಟದ ಹೊತ್ತಿಗೆ ಯಾರಿಗೂ ಪುಸ್ತಕ ಬೇಕಿರಲಿಲ್ಲ, ಎಲ್ಲರಿಗೂ ಬಾಯಿಪಾಠ.

ಗಂಟೆ ಬಾರಿಸಿದ ಮೇಲೆ ಹಾಲಾ ಹತ್ತಿರ ಬಂದರು. ಏನಾದರೂ ಸಮಜಾಯಿಷಿ ಹೇಳಬೇಕೆಂದು ಜುಮಾನಾ ಬಾಯಿ ತೆರೆದಳು.

“ಅಪ್ಪ ಮಗನನ್ನು ಮಲಗಿಸುವ ಕಥೆ ಎಷ್ಟೋ ನೋಡಿದ್ದೇನೆ,” ಹಾಲಾ ನಕ್ಕರು. “ನೀವು ಎರಡೇ ಸ್ವರಗಳಿಂದ ಮನೆಮನೆಯ ನಿಜ ಹೇಳಿಬಿಟ್ಟಿರಿ. ಹೇಗೆ ಹೊಳೆಯಿತು?”

ಜುಮಾನಾ ಹೇಳಹೊರಟಿದ್ದ ಸಮಜಾಯಿಷಿಯನ್ನು ನುಂಗಿಕೊಂಡಳು. “ಮನೆಯವರೂ ಸ್ವಲ್ಪ ಸಹಾಯ ಮಾಡಿದರು.”

“ಶಾಲೆಯಿಂದಲೇ ಅಚ್ಚು ಹಾಕಿಸೋಣ.” ಪುಟ ಮಗುಚುತ್ತಿದ್ದ ಹಾಲಾ ಕೊನೆಯ ಪುಟದಲ್ಲಿ ಹುಬ್ಬು ಗಂಟಿಕ್ಕಿದರು. ಅಲ್ಲಿಗೆ ಬರುವಷ್ಟರಲ್ಲಿ ಝಹೀರ್ ಕಂಪ್ಯೂಟರಿನ ಮುಂದೆಯೇ ನಿದ್ದೆ ಹೋಗಿದ್ದರಿಂದ ಆ ಒಂದು ಪುಟಕ್ಕೆ ಜುಮಾನಾಳೇ ಸ್ವರಚಿಹ್ನೆ ಹಾಕಿದ್ದಳು. “ಇಲ್ಲಿ ನೋಡಿ, ಅಪ್ಪನೇ ಮಗನನ್ನು ಮಲಗಿಸುತ್ತಿದ್ದಾನೆ. ಅರಬ್ಬಿ ಟೀಚರ್ ಇಂಥ ತಪ್ಪು ಮಾಡಬಾರದು, ಮಿಸ್ ಜುಮಾನಾ.”

“ಕ್ಷಮಿಸಿ, ಅವಸರದಲ್ಲಿ ಆಯಿತು,” ಎಂದು ಜುಮಾನಾ ಪೆನ್ನು ತೆಗೆದು, ಇಡೀ ಪುಸ್ತಕದಲ್ಲಿ ಸರಿಯಾಗಿದ್ದ ಒಂದೇ ಸಾಲನ್ನು ತಿದ್ದಿದಳು.