ಐದು ಮುಖಗಳಲ್ಲಿಲ್ಲದ್ದು

ಪಾರ್ಲರಿನ ಅಕ್ಕನ ಬೆರಳು ಫೋನಿನಲ್ಲಿ, ಮನಸ್ಸಿನ ಲೆಕ್ಕ ಇಡುವ ಆ್ಯಪಿನ ಐದು ಪುಟಾಣಿ ಮುಖಗಳ ಮೇಲೆ ತಡಕಾಡುತ್ತಿತ್ತು. ದಿನದ ಮನಸ್ಸಿಗೊಂದು ಮುಖ ಒತ್ತುವುದು ಅವಳ ರೂಢಿ. ಸೋಮವಾರಗಳೆಲ್ಲ ಸಿಡುಕು ಮುಖವೇ ಎಂದು ಅದರ ತಿಂಗಳ ಪುಟ ತೋರಿಸಿದ ಮೇಲೆಯೇ, ಆ ದಿನಗಳಲ್ಲಿ ತಾನು ಬೆಳಗಿನ ತಿಂಡಿ ಬಿಡುತ್ತಿರುವುದು ಅವಳಿಗೆ ಹೊಳೆದದ್ದು.

ಇವತ್ತು ಹಳೇ ಗಿರಾಕಿಯೊಬ್ಬಳು ಅಕ್ಕನನ್ನು ಬಿಟ್ಟು, ಅಕ್ಕನೇ ಕೆಲಸ ಕಲಿಸಿದ ತಂಗಿಯ ಹತ್ತಿರ ಕೂದಲು ಕತ್ತರಿಸಿಕೊಂಡು ಹೋಗಿದ್ದಳು. ಅಕ್ಕ ನಗುಮುಖ ಒತ್ತಿ ಅಳಿಸಿದಳು. ಅಳುಮುಖವನ್ನೂ ಒತ್ತಿ ಅಳಿಸಿದಳು.

“ಏನಕ್ಕಾ, ಇಷ್ಟೊತ್ತು?” ಎಂದಳು ತಂಗಿ.

“ಹೆಮ್ಮೆನೂ ಇದೆ, ಹೊಟ್ಟೆಕಿಚ್ಚೂ ಇದೆ ಕಣೇ. ಎರಡೂ ಸೇರಿರೋ ಮುಖ ಇದರಲ್ಲಿಲ್ಲ.”

ತಂಗಿ ಅಕ್ಕ ಕೂತಿದ್ದ ಕುರ್ಚಿಯನ್ನು ಕನ್ನಡಿಯತ್ತ ತಿರುಗಿಸಿದಳು. ಅಲ್ಲಿ ಮೂತಿ ಊದಿತ್ತು, ಕಣ್ಣು ನಗುತ್ತಿತ್ತು. ಅಕ್ಕ ನಗುಮುಖವನ್ನೇ ಒತ್ತಿ, ಎಂದೂ ಮುಟ್ಟದಿದ್ದ ಟಿಪ್ಪಣಿಯ ಜಾಗದಲ್ಲಿ ಬರೆದಳು: ‘ಒಂಚೂರು ಉರಿಯೂ ಇದೆ.’ ಫೋನು ಪಕ್ಕಕ್ಕಿಟ್ಟು ಜಡೆ ಬಿಚ್ಚಿದಳು.

“ಕೂತೇ ಇದ್ದೀನಲ್ಲ, ನಂದೂ ಕತ್ತರಿಸು.”